ವಿಮಾನ ಹಾರಿತು, ಮಳೆ ಬಂತು: ಅದು ಮೋಡ ಬಿತ್ತನೆಯ ಮಳೆಯೇ ಎಂದು ಹೇಗೆ ಗೊತ್ತಾಗುತ್ತದೆ?

ಮುಂಗಾರು ಕೈಕೊಟ್ಟ ವರ್ಷ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ತಪ್ಪದೆ ಸುತ್ತಾಡುತ್ತದೆ. ಚಿಕ್ಕ ವಿಮಾನದ ರೆಕ್ಕೆಗೆ ಸಾಲಾಗಿ ಕಟ್ಟಿದ ಕೊಳವೆಗಳು ಉರಿಯುತ್ತಿರುತ್ತವೆ, ಹಿಂದೆ ಹೊಗೆ ಹೊರಡುತ್ತಿರುತ್ತದೆ, ಮುಂದಿನ ದೃಶ್ಯದಲ್ಲಿ ಧೋ ಎಂದು ಮಳೆ. ಕೆಳಗೆ ‘ಮೋಡ ಬಿತ್ತನೆ ಯಶಸ್ವಿ’ ಎಂಬ ಸಾಲು. ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧವಾದ ಸಂದೇಶ: ‘ಮೋಡ ಬಿತ್ತನೆ ಎಂಬುದೇ ಬೋಗಸ್, ದುಡ್ಡು ಹೊಡೆಯುವ ದಾರಿ’. ಮತ್ತೆಲ್ಲೋ ಪ್ರವಾಹ ಬಂದರೆ ಮೂರನೆಯದು: ‘ಮೋಡ ಬಿತ್ತನೆ ಮಾಡಿದ್ದಕ್ಕೇ ಊರು ಮುಳುಗಿತು’.

ಈ ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಹಾಗಾದರೆ ಯಾವುದನ್ನು ನಂಬಬೇಕು? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮೋಡ ಬಿತ್ತನೆಗೆ ಸರಕಾರಗಳು ಕೋಟಿಗಟ್ಟಲೆ ಹಣ ಖರ್ಚು ಮಾಡುತ್ತವೆ. ‘ವಿಮಾನ ಬರುತ್ತದಂತೆ, ಮಳೆ ಬರುತ್ತದಂತೆ’ ಎಂದು ನಂಬಿ ರೈತ ಬೀಜ ಹಾಕಿಬಿಡಬಹುದು. ಆದ್ದರಿಂದ ನಾವು ಇಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡುತ್ತೇವೆ. ಬಿದ್ದ ಮಳೆಯಲ್ಲಿ ತಾನಾಗಿಯೇ ಬರುತ್ತಿದ್ದದ್ದು ಎಷ್ಟು, ಬಿತ್ತನೆಯಿಂದ ಹೆಚ್ಚಾಗಿ ಬಂದದ್ದು ಎಷ್ಟು ಎಂದು ವಿಜ್ಞಾನಿಗಳು ಹೇಗೆ ಪತ್ತೆ ಮಾಡುತ್ತಾರೆ? ಅದಕ್ಕೆ ಮೊದಲು ಬಿತ್ತನೆ ಎಂದರೆ ಏನು ಮಾಡುತ್ತಾರೆ ಎಂಬುದನ್ನು ನೋಡಿಬಿಡೋಣ.

ಮೋಡದಲ್ಲಿ ನೀರಿದ್ದರೂ ಮಳೆ ಏಕೆ ಬೀಳುವುದಿಲ್ಲ?

ಮೋಡ ಎಂದರೆ ಗಾಳಿಯಲ್ಲಿ ತೇಲುವ ಪುಟ್ಟ ಪುಟ್ಟ ನೀರ ಹನಿಗಳ ಗುಂಪು. ಒಂದೊಂದು ಹನಿಯ ಅಡ್ಡಳತೆ ಸುಮಾರು ಒಂದು ಮಿಲಿಮೀಟರ್‌ನ ಐವತ್ತನೇ ಒಂದು ಭಾಗ. ಇಷ್ಟು ಚಿಕ್ಕ ಹನಿ ಸೆಕೆಂಡಿಗೆ ಒಂದು ಸೆಂಟಿಮೀಟರ್‌ನಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ. ಕೆಳಗಿನಿಂದ ಸ್ವಲ್ಪ ಗಾಳಿ ಮೇಲೆದ್ದರೂ ಸಾಕು, ಅದು ಬೀಳುವುದೇ ಇಲ್ಲ. ಬಿದ್ದರೂ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ.

ನಮ್ಮ ಮೇಲೆ ಬೀಳುವ ಮಳೆ ಹನಿಯ ಅಡ್ಡಳತೆ ಸುಮಾರು ಎರಡು ಮಿಲಿಮೀಟರ್. ಮೋಡದ ಹನಿಗಿಂತ ನೂರು ಪಟ್ಟು ಅಗಲ. ನೂರು ಪಟ್ಟು ಅಗಲ ಎಂದರೆ ಅದರಲ್ಲಿರುವ ನೀರು ಹತ್ತು ಲಕ್ಷ ಪಟ್ಟು. ಅಂದರೆ ಮೋಡದ ಹತ್ತು ಲಕ್ಷ ಹನಿಗಳು ಒಂದಾದರೆ ಒಂದು ಮಳೆ ಹನಿ. ಹೀಗೆ ಒಂದಾಗುವ ಕೆಲಸ ನಡೆಯದಿದ್ದರೆ ಮೋಡ ತಲೆಯ ಮೇಲೆ ಬಂದು ಹಾಗೇ ದಾಟಿಹೋಗುತ್ತದೆ. ಉತ್ತರ ಕರ್ನಾಟಕದ ರೈತರು ಜುಲೈ ತಿಂಗಳಲ್ಲಿ ದಿನವಿಡೀ ನೋಡುವ ದೃಶ್ಯ ಇದೇ.

ಹನಿಗಳು ದೊಡ್ಡದಾಗಲು ಎರಡು ದಾರಿಗಳಿವೆ. ಒಂದು, ಮೋಡದಲ್ಲಿ ಕೆಲವು ಹನಿಗಳು ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಗಿದ್ದರೆ ಅವು ಬೇಗ ಬೇಗ ಕೆಳಗಿಳಿಯುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕ ಹನಿಗಳನ್ನು ಡಿಕ್ಕಿ ಹೊಡೆದು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ಎರಡನೆಯದು ಎತ್ತರದ ತಣ್ಣನೆಯ ಮೋಡಗಳಲ್ಲಿ ನಡೆಯುವಂಥದ್ದು. ಅಲ್ಲಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಅನೇಕ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿರುತ್ತವೆ. ಶುದ್ಧ ನೀರಿನ ಚಿಕ್ಕ ಹನಿ ಹೆಪ್ಪುಗಟ್ಟಲು ಅದಕ್ಕೊಂದು ಆಧಾರದ ಕಣ ಬೇಕು. ಅಂಥ ಕಣ ಸಿಕ್ಕಿ ಒಂದು ಮಂಜಿನ ಹರಳು ಹುಟ್ಟಿತೆಂದರೆ ಸುತ್ತಲಿನ ನೀರಿನ ಆವಿಯನ್ನೆಲ್ಲ ಅದು ಎಳೆದುಕೊಂಡು ಬೆಳೆಯುತ್ತದೆ, ಭಾರವಾಗಿ ಬೀಳುತ್ತದೆ, ಕೆಳಗಿನ ಬೆಚ್ಚನೆಯ ಗಾಳಿಯಲ್ಲಿ ಕರಗಿ ಮಳೆಯಾಗುತ್ತದೆ.

ಬಿತ್ತುವುದು ಏನನ್ನು?

ಮೋಡ ಬಿತ್ತನೆ ಮಾಡುವುದು ಈ ಎರಡು ದಾರಿಗಳಲ್ಲಿ ಒಂದಕ್ಕೆ ನೆರವಾಗುವ ಕೆಲಸ, ಅಷ್ಟೇ. ತಣ್ಣನೆಯ ಮೋಡವಾದರೆ ಸಿಲ್ವರ್ ಅಯೊಡೈಡ್ ಎಂಬ ರಾಸಾಯನಿಕದ ಸಣ್ಣ ಕಣಗಳನ್ನು ಬಿಡುತ್ತಾರೆ. ಈ ಕಣದ ಒಳಗಿನ ಜೋಡಣೆ ಮಂಜುಗಡ್ಡೆಯ ಜೋಡಣೆಗೆ ತುಂಬಾ ಹತ್ತಿರ. ಹಾಗಾಗಿ ನೀರು ಅದರ ಮೇಲೆ ಸುಲಭವಾಗಿ ಹರಳುಗಟ್ಟುತ್ತದೆ. ಆದರೆ ಮೋಡದ ಉಷ್ಣತೆ ಸುಮಾರು ಮೈನಸ್ ಐದು ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಈ ಕೆಲಸ ಆಗುತ್ತದೆ.

ಮೋಡ ಬೆಚ್ಚಗಿದ್ದರೆ ಉಪ್ಪಿನ ಜಾತಿಯ ಕಣಗಳನ್ನು ಬಿಡುತ್ತಾರೆ. ಅಡುಗೆ ಉಪ್ಪು ಅಥವಾ ಕ್ಯಾಲ್ಸಿಯಂ ಕ್ಲೋರೈಡ್. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಉಪ್ಪು ನೀರಾಗುತ್ತದಲ್ಲ, ಇಲ್ಲಿಯೂ ಅದೇ ಗುಣ ಕೆಲಸಕ್ಕೆ ಬರುತ್ತದೆ. ಉಪ್ಪಿನ ಕಣ ತೇವವನ್ನು ಎಳೆದುಕೊಂಡು ದೊಡ್ಡ ಹನಿಯಾಗುತ್ತದೆ, ಆ ದೊಡ್ಡ ಹನಿ ಉಳಿದವನ್ನು ಸೇರಿಸಿಕೊಳ್ಳಲು ಶುರುಮಾಡುತ್ತದೆ. ವಿಡಿಯೊಗಳಲ್ಲಿ ರೆಕ್ಕೆಯ ಹಿಂದೆ ಉರಿಯುವ ಕೊಳವೆಗಳು ಕಾಣುತ್ತವಲ್ಲ, ಅವು ಈ ಕಣಗಳನ್ನು ಹೊಗೆಯಾಗಿ ಬಿಡುವ ಫ್ಲೇರ್‌ಗಳು. ಬೆಚ್ಚನೆಯ ಮೋಡವಾದರೆ ಪೈಲಟ್ ಮೋಡದ ಬುಡಕ್ಕೆ ಹೋಗಿ, ಗಾಳಿ ಮೇಲಕ್ಕೆ ಏಳುತ್ತಿರುವ ಜಾಗ ಹುಡುಕಿ, ಅಲ್ಲಿ ಫ್ಲೇರ್ ಹೊತ್ತಿಸಬೇಕು. ಮೇಲೇಳುವ ಗಾಳಿಯೇ ಕಣಗಳನ್ನು ಮೋಡದೊಳಗೆ ಒಯ್ಯುತ್ತದೆ. ಜಾಗ ತಪ್ಪಿದರೆ ಹೊಗೆ ಗಾಳಿಪಾಲು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ವಿನ್ಸೆಂಟ್ ಶೇಫರ್ 1946ರ ನವೆಂಬರ್‌ನಲ್ಲಿ ವಿಮಾನದಿಂದ ಒಣಮಂಜಿನ ಪುಡಿ ಉದುರಿಸಿ ಮೋಡದಲ್ಲಿ ಹಿಮ ಹುಟ್ಟುವುದನ್ನು ಕಂಡಿದ್ದ. ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನೆಗಟ್ ಸ್ವಲ್ಪ ದಿನಗಳಲ್ಲೇ ಸಿಲ್ವರ್ ಅಯೊಡೈಡ್‌ನ ಗುಣ ಪತ್ತೆ ಮಾಡಿದ. ಮೋಡದೊಳಗೆ ಏನೋ ಆಗುತ್ತದೆ ಎಂಬುದು ಆಗಲೇ ಖಚಿತವಾಗಿತ್ತು. ನೆಲದ ಮೇಲೆ ಎಷ್ಟು ನೀರು ಹೆಚ್ಚು ಬೀಳುತ್ತದೆ ಎಂಬ ಜಗಳ ಮಾತ್ರ ಇಂದಿಗೂ ಪೂರ್ತಿ ಮುಗಿದಿಲ್ಲ.

ಇಲ್ಲದ ಮೋಡಕ್ಕೆ ಬಿತ್ತನೆ ಇಲ್ಲ

ಈಗ ಒಂದು ವಿಷಯ ತಾನಾಗಿಯೇ ಸ್ಪಷ್ಟವಾಗುತ್ತದೆ. ಬಿತ್ತನೆ ನೀರನ್ನು ಸೃಷ್ಟಿಸುವುದಿಲ್ಲ, ಮೋಡವನ್ನೂ ಕಟ್ಟುವುದಿಲ್ಲ. ನೀರು ತುಂಬಿದ, ಇನ್ನೂ ಬೆಳೆಯುತ್ತಿರುವ ಮೋಡ ಮೊದಲೇ ಇರಬೇಕು. ಬಿತ್ತನೆಯಿಂದ ಮಳೆ ಶೇಕಡಾ ಇಷ್ಟು ಹೆಚ್ಚುತ್ತದೆ ಎಂದರೆ, ಬೀಳಲಿದ್ದ ಮಳೆಯ ಮೇಲೆ ಅಷ್ಟು ಹೆಚ್ಚು ಎಂದು ಅರ್ಥ. ಹತ್ತು ಮಿಲಿಮೀಟರ್ ಬೀಳಲಿದ್ದರೆ ಅದರ ಮೇಲೆ ಒಂದೋ ಎರಡೋ ಮಿಲಿಮೀಟರ್. ಸೊನ್ನೆ ಬೀಳಲಿದ್ದರೆ, ಸೊನ್ನೆಯ ಎಷ್ಟು ಪರ್ಸೆಂಟ್ ತೆಗೆದರೂ ಸೊನ್ನೆಯೇ.

ದೆಹಲಿಯಲ್ಲಿ 2025ರ ಅಕ್ಟೋಬರ್ 28ರಂದು ಆದದ್ದು ಇದೇ. ಹೊಗೆಮಂಜಿನಿಂದ ಕಂಗೆಟ್ಟ ನಗರದ ಮೇಲೆ ಮಳೆ ಬೀಳಿಸಲು ಐಐಟಿ ಕಾನ್ಪುರದ ತಂಡ ವಿಮಾನ ಹಾರಿಸಿತು. ಮೋಡಗಳಲ್ಲಿದ್ದ ತೇವಾಂಶ ಶೇ. 15ರಿಂದ 20 ಮಾತ್ರ ಎಂದು ಆ ತಂಡವೇ ನಂತರ ಹೇಳಿತು. ದೆಹಲಿಯಲ್ಲಿ ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ಚಳಿಗಾಲದ ಹೊಸ್ತಿಲಲ್ಲಿ ಉತ್ತರ ಭಾರತದ ಗಾಳಿ ಒಣಗಿರುತ್ತದೆ, ಹೊಗೆಮಂಜು ಕಟ್ಟಿಕೊಳ್ಳುವುದೂ ಆಗಲೇ. ಬಿತ್ತನೆ ಬೇಕಾದ ದಿನಗಳಲ್ಲಿ ಬಿತ್ತಲು ಮೋಡವೇ ಸಿಗುವುದಿಲ್ಲ. ಬರಗಾಲದ ಕಷ್ಟವೂ ಇದೇ. ಬರ ತೀವ್ರವಾಗಿದೆ ಎಂದರೆ ಒಳ್ಳೆಯ ಮೋಡಗಳು ಕಡಿಮೆ ಎಂದೇ ಅರ್ಥ.

‘ಬಿತ್ತಿದರು, ಬಂತು’ ಎಂಬುದು ಸಾಕ್ಷಿ ಯಾಕಲ್ಲ?

ಮೋಡ ಇದ್ದ ದಿನದ ಮಾತಿಗೆ ಬರೋಣ. ವಿಮಾನ ಹಾರಿತು, ಸಂಜೆ ಮಳೆ ಬಂತು. ವಿಮಾನ ಹಾರದಿದ್ದರೆ? ಆ ಪ್ರಶ್ನೆಗೆ ಉತ್ತರ ಸಿಗದ ಹೊರತು ‘ಯಶಸ್ವಿ’ ಎನ್ನಲು ಆಗುವುದಿಲ್ಲ.

ನಮ್ಮದೇ ರಾಜ್ಯದ ಉದಾಹರಣೆ ತೆಗೆದುಕೊಳ್ಳಿ. ಬರದಿಂದ ಬಸವಳಿದ ಕರ್ನಾಟಕದಲ್ಲಿ 2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರೆ’ ಯೋಜನೆಯ ಹಾರಾಟ ಶುರುವಾಯಿತು. ಆ ವರ್ಷ ಬೆಂಗಳೂರಿನಲ್ಲಿ ಸುಮಾರು 1,700 ಮಿಲಿಮೀಟರ್ ಮಳೆಯಾಯಿತು. ಅದುವರೆಗಿನ ದಾಖಲೆಯಲ್ಲೇ ಅತಿ ಹೆಚ್ಚು. ಇಷ್ಟನ್ನೇ ಹೇಳಿದರೆ ಬಿತ್ತನೆ ಭರ್ಜರಿ ಗೆಲುವು ಅನ್ನಿಸುತ್ತದೆ. ಆದರೆ ಆ ಆಗಸ್ಟ್‌ನಲ್ಲಿ ನಗರದ ರಸ್ತೆಗಳನ್ನು ಮುಳುಗಿಸಿದ ಭಾರಿ ಮಳೆ ಬಿದ್ದದ್ದು ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ. ಅಂದರೆ ಮೊದಲ ವಿಮಾನ ಹಾರುವುದಕ್ಕೆ ಒಂದು ವಾರ ಮೊದಲೇ. ಮಳೆಯ ಕಾಲ ತಾನಾಗಿಯೇ ತಿರುಗಿತ್ತು. ಆ ಮಳೆಯನ್ನು ವಿಮಾನದ ಖಾತೆಗೆ ಜಮಾ ಮಾಡುವುದು ಸುಲಭ, ಸರಿಯಲ್ಲ. ಬಿತ್ತನೆಯಿಂದ ಏನೂ ಆಗಲಿಲ್ಲ ಎಂದೂ ಇದರಿಂದ ಹೇಳಲಾಗದು. ‘ಮಳೆ ಬಂತು’ ಎಂಬ ಒಂದೇ ಸಂಗತಿಯಿಂದ ಎರಡರಲ್ಲಿ ಯಾವುದನ್ನೂ ಸಾಧಿಸಲು ಆಗುವುದಿಲ್ಲ.

ಇಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಕಾಲದ ಬಲೆ. ಬಿತ್ತನೆಗೆ ಸರಕಾರ ಮುಂದಾಗುವುದೇ ಮಳೆ ತೀರಾ ಕಡಿಮೆಯಾದಾಗ. ತೀರಾ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ಮಳೆ ವಾಡಿಕೆಯ ಕಡೆಗೆ ಮರಳುತ್ತದೆ. ಜ್ವರ ಜೋರಾಗಿದ್ದಾಗ ತಾಯತ ಕಟ್ಟಿಸಿಕೊಂಡವರಿಗೆ ಎರಡು ದಿನದಲ್ಲಿ ಜ್ವರ ಇಳಿದು, ತಾಯತಕ್ಕೆ ಹೆಸರು ಬಂದ ಹಾಗೆ.

ಎರಡನೆಯದು ಆಯ್ಕೆಯ ಬಲೆ. ಪೈಲಟ್ ಸಿಕ್ಕ ಸಿಕ್ಕ ಮೋಡಕ್ಕೆ ಬಿತ್ತುವುದಿಲ್ಲ. ದಪ್ಪಗಿರುವ, ಮೇಲಕ್ಕೆ ಬೆಳೆಯುತ್ತಿರುವ ಮೋಡವನ್ನು ರಾಡಾರ್‌ನಲ್ಲಿ ನೋಡಿ ಆರಿಸಿಕೊಳ್ಳುತ್ತಾನೆ. ಅಂಥ ಮೋಡ ಹೇಗೂ ಉಳಿದ ಮೋಡಗಳಿಗಿಂತ ಹೆಚ್ಚು ಮಳೆ ಕೊಡುತ್ತದೆ. ಬಿತ್ತಿದ ಮೋಡಗಳನ್ನೂ ಬಿತ್ತದ ಮೋಡಗಳನ್ನೂ ಸುಮ್ಮನೆ ಹೋಲಿಸಿದರೆ ಗೆಲ್ಲುವುದು ಪೈಲಟ್‌ನ ಕಣ್ಣು, ಸಿಲ್ವರ್ ಅಯೊಡೈಡ್ ಅಲ್ಲ.

ಚೀಟಿ ಎತ್ತುವ ಪರೀಕ್ಷೆ

ಈ ಎರಡೂ ಬಲೆಗಳಿಂದ ತಪ್ಪಿಸಿಕೊಳ್ಳಲು ವಿಜ್ಞಾನಿಗಳು ಕಂಡುಕೊಂಡ ದಾರಿ ಸರಳ. ಬಿತ್ತಬೇಕೋ ಬೇಡವೋ ಎಂದು ಮನುಷ್ಯ ತೀರ್ಮಾನಿಸಬಾರದು, ಚೀಟಿ ಎತ್ತಿ ತೀರ್ಮಾನವಾಗಬೇಕು. ಮೊದಲು ಮೋಡ ಅಥವಾ ದಿನ ಬಿತ್ತನೆಗೆ ಯೋಗ್ಯವೇ ಎಂದು ನಿಶ್ಚಯಿಸುತ್ತಾರೆ. ಯೋಗ್ಯ ಎಂದಾದ ಮೇಲೆ ಚೀಟಿ. ‘ಬಿತ್ತು’ ಎಂದು ಬಂದರೆ ಬಿತ್ತುತ್ತಾರೆ, ‘ಬೇಡ’ ಎಂದು ಬಂದರೆ ಅಷ್ಟೇ ಒಳ್ಳೆಯ ಮೋಡವನ್ನು ಹಾಗೇ ಬಿಟ್ಟು ಅಳೆಯುತ್ತಾರೆ. ಹೊಸ ಔಷಧಿಯ ಪರೀಕ್ಷೆಯಲ್ಲಿ ಅರ್ಧ ರೋಗಿಗಳಿಗೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ಸಕ್ಕರೆ ಮಾತ್ರೆ ಕೊಡುವುದೂ ಇದೇ ಕಾರಣಕ್ಕೆ.

ಆದರೆ ಚೀಟಿ ಎತ್ತಿದರೂ ಎಷ್ಟು ಎಚ್ಚರ ಬೇಕು ಎಂಬುದನ್ನು ತೋರಿಸುವ ಕಥೆ ಇಸ್ರೇಲ್‌ನದು. ನೀರಿನ ಕೊರತೆಯ ಆ ದೇಶ 1961ರಲ್ಲಿ ಪ್ರಯೋಗ ಶುರುಮಾಡಿತು. ಉತ್ತರದಲ್ಲಿ ಒಂದು ಪ್ರದೇಶ, ಮಧ್ಯಭಾಗದಲ್ಲಿ ಒಂದು ಪ್ರದೇಶ, ನಡುವೆ ಯಾವತ್ತೂ ಬಿತ್ತದ ಒಂದು ಪಟ್ಟಿ. ಇಂದು ಉತ್ತರಕ್ಕೆ ಬಿತ್ತಬೇಕೋ ಮಧ್ಯಕ್ಕೆ ಬಿತ್ತಬೇಕೋ ಎಂಬುದು ಚೀಟಿಯಿಂದ ನಿರ್ಧಾರ. ಒಂದಕ್ಕೆ ಬಿತ್ತಿದ ದಿನ ಇನ್ನೊಂದು ಹೋಲಿಕೆಯ ಅಳತೆಗೋಲಾಗುತ್ತಿತ್ತು. 1967ರವರೆಗೆ ನಡೆದ ಈ ಪ್ರಯೋಗದಲ್ಲಿ ಶೇ. 15ರಷ್ಟು ಹೆಚ್ಚು ಮಳೆ ಎಂಬ ಉತ್ತರ ಬಂತು. 1969ರಿಂದ 1975ರವರೆಗೆ ನಡೆದ ಎರಡನೇ ಪ್ರಯೋಗದಲ್ಲಿ ಉತ್ತರ ಭಾಗಕ್ಕೆ ಶೇ. 13. ಎರಡು ಬಾರಿಯೂ ಹತ್ತಿರ ಹತ್ತಿರದ ಅಂಕಿ ಬಂದದ್ದರಿಂದ ಜಗತ್ತಿನ ಪುಸ್ತಕಗಳಲ್ಲೆಲ್ಲ ಇಸ್ರೇಲ್ ಗೆದ್ದ ಉದಾಹರಣೆಯಾಯಿತು. ಆ ದೇಶ ಉತ್ತರ ಭಾಗದಲ್ಲಿ ದಶಕಗಳ ಕಾಲ ಬಿತ್ತನೆ ಮಾಡುತ್ತಾ ಹೋಯಿತು.

ಆಮೇಲೆ ಅನುಮಾನಗಳು ಶುರುವಾದವು. ಎರಡನೇ ಪ್ರಯೋಗದಲ್ಲಿ ದಕ್ಷಿಣದ ಪ್ರದೇಶವನ್ನೂ ಸೇರಿಸಿ ಲೆಕ್ಕ ಹಾಕಿದರೆ ಲಾಭವೇ ಕಾಣುತ್ತಿರಲಿಲ್ಲ. ಅಮೆರಿಕದ ಆರ್ಥರ್ ರಾಂಗ್ನೊ ಮತ್ತು ಪೀಟರ್ ಹಾಬ್ಸ್ ಎಂಬ ಇಬ್ಬರು ವಿಜ್ಞಾನಿಗಳು 1995ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಇನ್ನೊಮ್ಮೆ ನೋಡಿದರು. ‘ಬಿತ್ತು’ ಎಂದು ಚೀಟಿ ಬಂದ ದಿನಗಳಲ್ಲಿ ಇಸ್ರೇಲ್‌ನಲ್ಲಿ ಮಾತ್ರವಲ್ಲ, ಬಿತ್ತನೆಯ ಕಣ ತಲುಪದ ಲೆಬನಾನ್‌ನಂಥ ಕಡೆಯಲ್ಲೂ ಮಳೆ ಹೆಚ್ಚಾಗಿತ್ತು. ಅಂದರೆ ಒಳ್ಳೆಯ ಮಳೆಯ ದಿನಗಳು ಅದೃಷ್ಟವಶಾತ್ ಬಿತ್ತನೆಯ ಪಾಲಿಗೆ ಹೆಚ್ಚು ಬಿದ್ದಿದ್ದವು. ಇಸ್ಪೀಟಿನಲ್ಲಿ ಒಮ್ಮೊಮ್ಮೆ ಒಬ್ಬನ ಕೈಗೇ ಒಳ್ಳೆಯ ಎಲೆಗಳೆಲ್ಲ ಬಂದಂತೆ. ಜೊತೆಗೆ ಅಲ್ಲಿನ ಮೋಡಗಳಲ್ಲಿ ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಮಂಜಿನ ಹರಳುಗಳು ತಾವಾಗಿಯೇ ಹುಟ್ಟುತ್ತಿದ್ದವು ಎಂಬುದೂ ತಿಳಿಯಿತು. ಮೋಡದಲ್ಲಿ ಹರಳಿಗೆ ಕೊರತೆಯೇ ಇಲ್ಲದಿದ್ದರೆ ಹೊರಗಿನಿಂದ ಸಿಲ್ವರ್ ಅಯೊಡೈಡ್ ಹಾಕಿ ಏನು ಪ್ರಯೋಜನ?

ಕೊನೆಗೆ ಇಸ್ರೇಲ್ ತಾನೇ ಮತ್ತೆ ಪರೀಕ್ಷೆಗೆ ಇಳಿಯಿತು. 2013ರಿಂದ 2020ರವರೆಗೆ ಏಳು ಚಳಿಗಾಲ ಹೊಸದಾಗಿ ಚೀಟಿ ಎತ್ತಿ ಪ್ರಯೋಗ ನಡೆಸಿದರು. ಬಂದ ಉತ್ತರ ಶೇ. 1.8 ಹೆಚ್ಚಳ. ಇಷ್ಟು ಚಿಕ್ಕ ವ್ಯತ್ಯಾಸ ಬಿತ್ತನೆಯೇ ಇಲ್ಲದೆ ಆಕಸ್ಮಿಕವಾಗಿಯೂ ಬರಬಹುದಾದದ್ದು. ಆ ಫಲಿತಾಂಶದ ನಂತರ ಇಸ್ರೇಲ್ ಮೋಡ ಬಿತ್ತನೆಯನ್ನು ನಿಲ್ಲಿಸಿತು. ‘ಇಸ್ರೇಲ್ ನೋಡಿ ಕಲಿಯಿರಿ, ಅಲ್ಲಿ ಬಿತ್ತನೆಯಿಂದಲೇ ಕೃಷಿ’ ಎಂಬ ಫಾರ್ವರ್ಡ್ ನಿಮಗೆ ಬಂದಿದ್ದರೆ, ಆ ಕಥೆಯ ಕೊನೆಯ ಪುಟ ಇದು.

ಕಣ್ಣಿಗೆ ಕಂಡ ಬಿತ್ತನೆ

ಹಾಗಾದರೆ ಬಿತ್ತನೆ ಬೋಗಸ್ಸೇ? ಅಲ್ಲ. ಅದಕ್ಕೆ ಸಾಕ್ಷಿ ಅಮೆರಿಕದ ಐಡಾಹೊ ರಾಜ್ಯದ ಬೆಟ್ಟಗಳಿಂದ ಬಂತು. 2017ರ ಜನವರಿಯಲ್ಲಿ ಅಲ್ಲಿ ಒಂದು ವಿಮಾನ ಗಾಳಿಗೆ ಅಡ್ಡಲಾಗಿ ಅತ್ತಿಂದಿತ್ತ ಹಾರುತ್ತಾ ಸಿಲ್ವರ್ ಅಯೊಡೈಡ್ ಬಿಟ್ಟಿತು. ಆ ಮೋಡದಲ್ಲಿ ನೀರಿತ್ತು, ಆದರೆ ಹಿಮ ಬೀಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ರಾಡಾರ್ ಪರದೆಯ ಮೇಲೆ ಅಂಕುಡೊಂಕಾದ ಗೆರೆಗಳು ಮೂಡಿದವು. ವಿಮಾನ ಹಾರಿದ ದಾರಿಯೇ ಗಾಳಿಯ ಜೊತೆ ಜರುಗುತ್ತಾ ಹಿಮದ ಗೆರೆಯಾಗಿ ಕಾಣುತ್ತಿತ್ತು. ಪ್ರಕೃತಿ ಹೀಗೆ ಅಂಕುಡೊಂಕು ಗೆರೆ ಎಳೆಯುವುದಿಲ್ಲ. ಆದ್ದರಿಂದ ಇದು ಬಿತ್ತನೆಯ ಹಿಮವೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಇಂಥ ಮೂರು ಹಾರಾಟಗಳಲ್ಲಿ ನೆಲಕ್ಕೆ ಬಿದ್ದ ಹಿಮವನ್ನು ನೀರಿನ ಲೆಕ್ಕಕ್ಕೆ ತಂದಾಗ ಒಟ್ಟು ಸುಮಾರು 70 ಕೋಟಿ ಲೀಟರ್ ಆಯಿತು. ಆದರೆ ಇಷ್ಟು ಸ್ಪಷ್ಟವಾಗಿ ನೋಡಲು ಸಾಧ್ಯವಾದದ್ದು ಆ ಹೊತ್ತಿನಲ್ಲಿ ಸಹಜ ಹಿಮ ಹೆಚ್ಚುಕಡಿಮೆ ಇಲ್ಲದಿದ್ದುದರಿಂದ. ಜೊತೆಗೆ ಅದು ಬೆಟ್ಟಕ್ಕೆ ಬಡಿದು ಗಂಟೆಗಟ್ಟಲೆ ನಿಲ್ಲುವ ಚಳಿಗಾಲದ ತಣ್ಣನೆಯ ಮೋಡ. ಮುಂಗಾರಿನಲ್ಲಿ ನಮ್ಮ ಬಯಲುಸೀಮೆಯ ಮೇಲೆ ಏಳುವ ಮೋಡ ಬೇರೆಯೇ ಜಾತಿಯದು. ಮೇಲೇಳುತ್ತದೆ, ಮಳೆ ಸುರಿಸಿಯೋ ಸುರಿಸದೆಯೋ ಸ್ವಲ್ಪ ಹೊತ್ತಿಗೆ ಚದುರಿಹೋಗುತ್ತದೆ. ಐಡಾಹೊದ ಉತ್ತರವನ್ನು ಇಲ್ಲಿಗೆ ಹಾಗೇ ತರಲು ಬರುವುದಿಲ್ಲ.

ಪಕ್ಕದ ಸೋಲಾಪುರದಲ್ಲಿ

ನಮ್ಮ ಬಗೆಯ ಮೋಡಗಳ ಮೇಲಿನ ಪರೀಕ್ಷೆ ನಡೆದದ್ದು ವಿಜಯಪುರ, ಕಲಬುರಗಿಗಳ ಗಡಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಸೋಲಾಪುರದಲ್ಲಿ. ಅದು ಪಶ್ಚಿಮ ಘಟ್ಟದ ಮಳೆ ನೆರಳಿನ ಊರು. ಘಟ್ಟದ ಆಚೆ ಮಳೆ ಸುರಿದು ಬರಿದಾದ ಗಾಳಿ ಇತ್ತ ಬರುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ತಾರಾ ಪ್ರಭಾಕರನ್ ಮತ್ತು ಅವರ ತಂಡ 2018 ಮತ್ತು 2019ರ ಮುಂಗಾರಿನಲ್ಲಿ ಇಲ್ಲಿ ಕೆಲಸ ಮಾಡಿತು.

ಒಂದು ಕಿಲೋಮೀಟರ್‌ಗಿಂತ ದಪ್ಪವಾದ, ಇನ್ನೂ ಬೆಳೆಯುವ ಲಕ್ಷಣವಿರುವ ಮೋಡಗಳನ್ನು ಮಾತ್ರ ಆರಿಸಿದರು. ಹೀಗೆ ಸಿಕ್ಕ ಮೋಡಗಳು 270ಕ್ಕೂ ಹೆಚ್ಚು. ಅವುಗಳಲ್ಲಿ ಯಾವುದಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಎಂಬುದು ಚೀಟಿ ಎತ್ತಿದ ಹಾಗೆಯೇ ನಿರ್ಧಾರವಾಯಿತು. ಬಿತ್ತಿದ ಮೋಡಗಳ ಬುಡದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಫ್ಲೇರ್ ಉರಿಸಿದರು. ನೆಲದ ಮೇಲೆ ಮಳೆಮಾಪಕಗಳನ್ನು ಹರಡಿದ್ದರು, ಜೊತೆಗೆ ರಾಡಾರ್ ಕಣ್ಣಿಟ್ಟಿತ್ತು. ಬಿತ್ತದೆ ಬಿಟ್ಟ ಮೋಡಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದರು.

ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಬಿತ್ತನೆಯ ಜಾಗದಲ್ಲಿ ಮಳೆ ಶೇ. 46ರಷ್ಟು ಹೆಚ್ಚು. ಗಾಳಿ ಬೀಸುವ ದಿಕ್ಕಿನಲ್ಲಿ 100 ಚದರ ಕಿಲೋಮೀಟರ್ ಪ್ರದೇಶವನ್ನು ಒಟ್ಟಾಗಿ ನೋಡಿದರೆ ಶೇ. 18ರಷ್ಟು ಹೆಚ್ಚು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಸುದ್ದಿಯ ತಲೆಬರಹಕ್ಕೆ ಹತ್ತುವುದು 46. ರೈತನಿಗೂ ಕೆರೆಗೂ ಲೆಕ್ಕಕ್ಕೆ ಬರುವುದು 18, ಏಕೆಂದರೆ ಮಳೆ ಬೇಕಾಗಿರುವುದು ಒಂದು ಹೊಲಕ್ಕಲ್ಲ, ಒಂದು ಪ್ರದೇಶಕ್ಕೆ. ಇದು ಬರಕ್ಕೆ ರಾಮಬಾಣವಲ್ಲ ಎಂದು ಆ ವಿಜ್ಞಾನಿಗಳೂ ಹೇಳಿದ್ದಾರೆ. ಒಂದೇ ಪ್ರದೇಶ, ಎರಡೇ ಮುಂಗಾರು. ಇಸ್ರೇಲ್‌ನ ಮೊದಲ ಎರಡು ಪ್ರಯೋಗಗಳೂ ಭರವಸೆ ಹುಟ್ಟಿಸಿದ್ದವು ಎಂಬುದನ್ನು ಮರೆಯುವಂತಿಲ್ಲ. ಬೇರೆ ಕಡೆ, ಬೇರೆ ವರ್ಷಗಳಲ್ಲಿ ಮತ್ತೆ ಇದೇ ಉತ್ತರ ಬಂದರೆ ಆಗ ಅದರ ಬಲ ಹೆಚ್ಚುತ್ತದೆ.

ಟಿಎಂಸಿ ಲೆಕ್ಕದಲ್ಲಿ ನೋಡಿದರೆ

ಶೇ. 18 ಎಂದರೆ ಎಷ್ಟು ನೀರು? ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಒಂದು ದಿನ 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಾನಾಗಿಯೇ 10 ಮಿಲಿಮೀಟರ್ ಮಳೆ ಬೀಳಲಿತ್ತು ಎಂದುಕೊಳ್ಳಿ. ಬಿತ್ತನೆಯಿಂದ ಅದು 11.8 ಮಿಲಿಮೀಟರ್ ಆಯಿತು. ಹೆಚ್ಚಾದದ್ದು 1.8 ಮಿಲಿಮೀಟರ್. ಅಷ್ಟು ಪ್ರದೇಶಕ್ಕೆ ಗುಣಿಸಿದರೆ 18 ಕೋಟಿ ಲೀಟರ್. ಕೇಳಲು ದೊಡ್ಡದು.

ಈಗ ಅಣೆಕಟ್ಟಿನ ಭಾಷೆಗೆ ಬನ್ನಿ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,830 ಕೋಟಿ ಲೀಟರ್. ಅಂದರೆ ಹೀಗೆ ಯಶಸ್ವಿಯಾದ ದಿನಗಳು 157 ಸೇರಿದರೆ ಒಂದು ಟಿಎಂಸಿ. ಅದೂ ಬಿದ್ದ ಪ್ರತಿ ಹನಿ ನೆಲದಲ್ಲಿ ಇಂಗದೆ, ಆರದೆ ಅಣೆಕಟ್ಟು ಸೇರಿದರೆ. ಕೆಆರ್‌ಎಸ್ ಜಲಾಶಯದ ಸಾಮರ್ಥ್ಯ 49 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ‘ಮೋಡ ಬಿತ್ತನೆಯಿಂದ ಜಲಾಶಯ ಭರ್ತಿ’ ಎಂಬ ಸಂದೇಶ ಬಂದರೆ ಈ ಲೆಕ್ಕ ಸಾಕು.

ಹಾಗೆಂದು 1.8 ಮಿಲಿಮೀಟರ್ ವ್ಯರ್ಥವೂ ಅಲ್ಲ. ಬಾಡುತ್ತಿರುವ ತೊಗರಿಗೆ ಸರಿಯಾದ ಹೊತ್ತಿಗೆ ಬಿದ್ದ ಸ್ವಲ್ಪ ತೇವವೂ ನೆರವಾಗಬಹುದು. ಆದರೆ ಆ ಸರಿಯಾದ ಹೊತ್ತನ್ನು ಆರಿಸುವುದು ರೈತನಲ್ಲ, ಸರಕಾರವೂ ಅಲ್ಲ, ಮೋಡ.

ದುಬೈ ಮುಳುಗಿದ್ದು ಬಿತ್ತನೆಯಿಂದಲೇ?

2024ರ ಏಪ್ರಿಲ್ 16ರಂದು ದುಬೈನ ರಸ್ತೆಗಳು, ವಿಮಾನ ನಿಲ್ದಾಣ ಮುಳುಗಿದ ವಿಡಿಯೊಗಳ ಜೊತೆ ‘ಪ್ರಕೃತಿಯ ಜೊತೆ ಆಟವಾಡಿದ ಫಲ’ ಎಂಬ ಸಂದೇಶ ಎಲ್ಲ ಭಾಷೆಗಳಲ್ಲೂ ಓಡಾಡಿತು. ಯುಎಇ ಮೋಡ ಬಿತ್ತನೆ ನಡೆಸುವ ದೇಶ ಎಂಬುದು ನಿಜ. ಇಲ್ಲಿಯೂ ನಾವು ಅದೇ ಅಳತೆಗೋಲನ್ನು ಬಳಸೋಣ: ಬಿತ್ತನೆ ಇಲ್ಲದಿದ್ದರೆ ಏನಾಗುತ್ತಿತ್ತು?

ಭಾರಿ ಮಳೆ ಬರಲಿದೆ ಎಂದು ಹವಾಮಾನ ಮುನ್ಸೂಚನೆ ಹಲವು ದಿನ ಮೊದಲೇ ಹೇಳಿತ್ತು. ಅದೇ ಚಂಡಮಾರುತದ ವ್ಯವಸ್ಥೆ ಪಕ್ಕದ ಓಮನ್‌ನಲ್ಲಿ ಎರಡು ದಿನ ಮೊದಲೇ ಪ್ರವಾಹ ತಂದು ಜೀವಗಳನ್ನು ಬಲಿ ತೆಗೆದುಕೊಂಡಿತ್ತು. ಆ ಚಂಡಮಾರುತದ ವೇಳೆ ಬಿತ್ತನೆ ಮಾಡಲಿಲ್ಲ ಎಂದು ಯುಎಇಯ ಹವಾಮಾನ ಕೇಂದ್ರ ಹೇಳಿತು. ಆ ಮಾತನ್ನು ನಂಬದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಅಲ್ಲಿನ ಒಂದು ಮಾಪನ ಕೇಂದ್ರದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆ ದಾಖಲಾಯಿತು. ಅನುಕೂಲಕರ ಮೋಡದಿಂದ ಶೇಕಡಾ ಹತ್ತಿಪ್ಪತ್ತರಷ್ಟು ಹೆಚ್ಚು ಪಡೆಯಲು ಒದ್ದಾಡುವ ತಂತ್ರಕ್ಕೆ ಮರುಭೂಮಿಯ ಮೇಲೆ ಅಷ್ಟು ನೀರು ತರುವ ಶಕ್ತಿ ಇಲ್ಲ. ಆ ನೀರನ್ನು ಹೊತ್ತು ತಂದದ್ದು ಸಮುದ್ರದ ತೇವ ತುಂಬಿದ ದೊಡ್ಡ ಚಂಡಮಾರುತ.

ಮುಂದಿನ ಸಲ ಫಾರ್ವರ್ಡ್ ಬಂದಾಗ

ಬಿತ್ತನೆಯ ಬಗ್ಗೆ ಸಂದೇಶವೋ ಸುದ್ದಿಯೋ ಬಂದಾಗ ನಾಲ್ಕು ವಿಷಯಗಳನ್ನು ಅದರಲ್ಲಿ ಹುಡುಕಿ.

ಒಂದು, ಬಿತ್ತದೆ ಬಿಟ್ಟ ಮೋಡಗಳ ಲೆಕ್ಕ ಇದೆಯೇ? ಬಿತ್ತಿದ ಮೋಡದ ಮಳೆಯನ್ನು ಮಾತ್ರ ಹೇಳಿದ್ದರೆ ಅದು ಅರ್ಧ ಲೆಕ್ಕ.

ಎರಡು, ಬಿತ್ತಬೇಕೋ ಬೇಡವೋ ಎಂಬುದನ್ನು ಯಾರು ನಿರ್ಧರಿಸಿದರು? ಚೀಟಿಯೋ, ಪೈಲಟ್‌ನ ಆಯ್ಕೆಯೋ?

ಮೂರು, ಹೆಚ್ಚಳದ ಅಂಕಿ ಎಷ್ಟು ಜಾಗಕ್ಕೆ, ಎಷ್ಟು ದಿನಗಳಿಗೆ ಸೇರಿದ್ದು? ಒಂದು ಮಳೆಮಾಪಕದ್ದೋ, ಇಡೀ ತಾಲೂಕಿನದ್ದೋ?

ನಾಲ್ಕು, ಲೆಕ್ಕ ಹಾಕಿದವರು ಯಾರು? ಹಾರಾಟದ ಗುತ್ತಿಗೆ ಪಡೆದವರೇ ತಮ್ಮ ಕೆಲಸಕ್ಕೆ ಅಂಕ ಕೊಟ್ಟುಕೊಂಡಿದ್ದರೆ, ಸಂಬಂಧವಿಲ್ಲದ ವಿಜ್ಞಾನಿಗಳು ಅದನ್ನು ಪರಿಶೀಲಿಸಿದ್ದಾರೆಯೇ ಎಂದು ನೋಡಿ.

ಸರಿಯಾದ ಮೋಡಕ್ಕೆ ಸರಿಯಾದ ಜಾಗದಲ್ಲಿ ಬಿತ್ತಿದರೆ ಸ್ವಲ್ಪ ಹೆಚ್ಚು ಮಳೆ ಪಡೆಯಬಹುದು ಎಂಬುದಕ್ಕೆ ಕೆಲವು ಕಡೆ ಒಳ್ಳೆಯ ಸಾಕ್ಷಿ ಇದೆ, ಇನ್ನು ಕೆಲವು ಕಡೆ ಪರೀಕ್ಷೆಯಲ್ಲಿ ಅದು ಸೋತಿದೆ. ಬರಗಾಲ ನೀಗಿಸಿದ, ಜಲಾಶಯ ತುಂಬಿಸಿದ, ಊರು ಮುಳುಗಿಸಿದ ಸಾಕ್ಷಿ ಎಲ್ಲಿಯೂ ಇಲ್ಲ. ಆದ್ದರಿಂದ ವಿಮಾನದ ಸುದ್ದಿ ಕೇಳಿ ಬಿತ್ತನೆಯ ದಿನ ಗೊತ್ತುಮಾಡಬೇಡಿ. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಹೊಲದಲ್ಲಿರುವ ಹಸಿಯನ್ನೂ ನೋಡಿ.